ಮಸ್ಕಿಯ ಹಾರ್ನು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿಗೆ ನಾನು ಕಂಡಕ್ಟರ್. ನಾನು ಸೀಟಿ ಊದಿ ‘ರೈಟ್’ ಅನ್ನದೆ ಬಸ್ಸು ಒಂದು ಗೇಣೂ ಕದಲುವುದಿಲ್ಲ. ನನ್ನ ಊಟ ಮಾತ್ರ ನನ್ನ ಕೈಯಲ್ಲಿಲ್ಲ.

ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತರೆ ಹೆಚ್ಚು. ಬಸ್ಸು ಕಂಡ ಕೂಡಲೇ ಖಾನಾವಳಿಯ ಅವ್ವ ನನಗೂ ಡ್ರೈವರಿಗೂ ತಾಟು ಬಡಿಸಿಡುತ್ತಾಳೆ. ಮೂರು ರೊಟ್ಟಿ, ಮೇಲೆ ಅನ್ನ. ನಾನು ಉಣ್ಣುವುದಿಲ್ಲ, ನುಂಗುತ್ತೇನೆ. ಡ್ರೈವರ್ ಚಾಚಾ ನನಗಿಂತ ಮೊದಲೇ ಎದ್ದು ಹಾರ್ನ್ ಹೊಡೆಯುತ್ತಾರೆ. “ನಡೀ ಬೇಟಿ, ಟೈಮ್ ಆತು!”

ಇಷ್ಟು ತಿಂದೂ ಸಿಂಧನೂರು ಸ್ಟ್ಯಾಂಡಿನಲ್ಲಿ ಇಳಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ಮತ್ತೆ ಹಸಿಯುತ್ತದೆ. ಮಿರ್ಚಿ ಭಜಿಯ ಬಂಡಿಯವನು ನನ್ನನ್ನು ಕಂಡರೆ ಕೇಳುವುದೇ ಇಲ್ಲ, ಕಟ್ಟಿಕೊಡುತ್ತಾನೆ.

ಹೀಗೆ ನಡೆದಿರುವಾಗಲೇ ಶುಗರ್ ಬಂತು. ಲಿಂಗಸುಗೂರಿನ ಡಾಕ್ಟರಮ್ಮ ಮೊದಲು ಕೇಳಿದ್ದೇ ಊಟದ ರೀತಿ. ಹೇಳಿದೆ.

“ಹೊಟ್ಟಿ ತುಂಬ್ಯದ ಅನ್ನೂ ಸುದ್ದಿ ಮಿದುಳಿಗೆ ಮುಟ್ಟಾಕ ಇಪ್ಪತ್ತು ನಿಮಿಷದಷ್ಟು ಬೇಕ್ರಿ. ಅಷ್ಟರಾಗ ನಿಮ್ಮ ತಾಟು ಖಾಲಿ. ಜಾಸ್ತಿ ತಿಂದಿರ್ತೀರಿ, ತೃಪ್ತಿ ಮಾತ್ರ ಇರಂಗಿಲ್ಲ. ಸಾವಕಾಶ ಅಗದು ಉಂಡ್ರ ‘ಸಾಕು’ ಅಂತ ಹೇಳೋ ಹಾರ್ಮೋನು ಕರುಳಿನಿಂದ ಚಲೋ ಬರ್ತಾವ. ಗಬಗಬ ತಿಂದ್ರ ಕಮ್ಮಿ. ಅದಕ್ಕ ಲಗೂನ ಮತ್ತ ಹಸಿವಾಕ್ಕದ. ಮುಂದಿನ ಸಲಾನೂ ಶುಗರ್ ಇಳೀದಿದ್ರ ಇನ್ಸುಲಿನ್ ಬರೀತೀನಿ.”

ಸೂಜಿ ಎಂದರೆ ನನಗೆ ಜೀವ ಹಾರಿಹೋಗುತ್ತದೆ.

ಒಂದು ದಿನ ಮಸ್ಕಿಯಲ್ಲೇ ಗಾಲಿ ಪಂಕ್ಚರ್ ಆಯಿತು. ಪ್ರಯಾಣಿಕರು ಬೈಯುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಖಾನಾವಳಿಯಲ್ಲಿ ಕೂತು ಒಂದೊಂದು ತುತ್ತನ್ನೂ ಅಗಿದು ಉಂಡೆ. ಎರಡನೆಯ ರೊಟ್ಟಿ ಅರ್ಧಕ್ಕೆ ಬರುವಾಗ ಸಾಕೆನಿಸಿತು.

“ಯಾಕವ್ವಾ, ಪಲ್ಯ ಚಲೋ ಆಗಿಲ್ಲೇನು?” ಎಂದಳು ಅವ್ವ.

“ಇವತ್ತೇ ಗೊತ್ತಾತು ಬೇ, ನಿನ್ನ ಪಲ್ಯ ಎಷ್ಟು ಚಲೋ ಇರ್ತದಂತ,” ಎಂದೆ.

ಆ ದಿನ ಸಿಂಧನೂರಿನಲ್ಲಿ ಭಜಿಯ ವಾಸನೆ ಮೂಗಿಗೆ ಬಂದರೂ ನಾನು ಬಂಡಿಯತ್ತ ಹೋಗಲಿಲ್ಲ. ನನ್ನ ಹೊಟ್ಟೆ ಹಾಳಾಗಿಲ್ಲ, ಅದಕ್ಕೆ ಹೊತ್ತು ಸಿಕ್ಕಿಲ್ಲ ಅಷ್ಟೇ ಎಂದು ತಿಳಿದು ಅಳು ಬಂತು. ಮರುದಿನ ಗಾಲಿ ಗಟ್ಟಿಯಾಗಿತ್ತು. ಹಾರ್ನ್ ಆಯಿತು, ನುಂಗಿದೆ.

ಶುಗರ್ ಇಳಿಯಲಿಲ್ಲ. ಡಾಕ್ಟರಮ್ಮ ಇನ್ಸುಲಿನ್ ಬರೆದರು. “ಊಟಕ್ಕಿಂತ ಅರ್ಧ ತಾಸು ಮುಂಚೆ ಹೊಟ್ಟಿಗೆ ಚುಚ್ಕೋಬೇಕ್ರಿ. ಆಮ್ಯಾಲ ಕುಂತು ಸಾವಕಾಶ ಉಣ್ರಿ.”

ಮಸ್ಕಿಗೆ ಅರ್ಧ ತಾಸು ಮೊದಲು ನಾನು ಎಲ್ಲಿರುತ್ತೇನೆ? ತುಂಬಿದ ಬಸ್ಸಿನಲ್ಲಿ, ಜನರ ನಡುವೆ ಒತ್ತಿಕೊಂಡು ಟಿಕೆಟ್ ಕೊಡುತ್ತಿರುತ್ತೇನೆ.

“ಮೇಡಂ, ಅಷ್ಟು ಮಂದಿ ನಡುವ ನಿಂತು ಹೊಟ್ಟಿ ಹ್ಯಾಂಗ ತೆರೀಲ್ರಿ?” ಎಂದೆ.

ಅವರು ಬರೆಯುತ್ತಿದ್ದ ಪೆನ್ನು ನಿಂತಿತು.