ಏಳನೇ ಪುಟದ ಖಾಲಿ ಡಬ್ಬಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹೊಲಿಗೆಯಕ್ಕ ಅಂತ. ಅವಳು ಸೂಜಿ ಹಿಡಿದವಳಲ್ಲ. ಬೇರೆಯವರು ಎಸೆದ ಚಿಂದಿಗಳನ್ನು ಒಂದಕ್ಕೊಂದು ಸೇರಿಸಿ, ಅದು ಅಂಗಿ ಅಂತ ಕಾಣುವ ಹಾಗೆ ಮಾಡುವುದು ಅವಳ ಕೆಲಸ. ಅಂಗಿ ತೊಟ್ಟುಕೊಂಡು ಗಿರಾಕಿಯ ಮುಂದೆ ನಿಂತು ಮೆರೆಯುತ್ತಿದ್ದವರು ಮಾತ್ರ ಬೇರೆ. ಹೀಗೇ ಐದು ವರ್ಷ.

ಕಂಪನಿಯ ಕಸುಬು ಗೋದಾಮುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿ, ಹೊಸ ಜಾಗದಲ್ಲಿ ಕಪಾಟು, ಕರೆಂಟು, ಕಂಪ್ಯೂಟರ್ ಎಲ್ಲ ಕೂರಿಸಿಕೊಡುವುದು. ಈ ಸಲದ ಗಿರಾಕಿ ಔಷಧಿ ವಿತರಣೆಯ ದೊಡ್ಡ ಸಂಸ್ಥೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪ್ರಾಜೆಕ್ಟಿನ ಕಿಕಾಫ್, ಅಂದರೆ ಗಿರಾಕಿಯ ಜೊತೆ ಮೊದಲ ಸಭೆ. ಅಲ್ಲಿ ಪರದೆ ಮೇಲೆ ಪುಟಪುಟವಾಗಿ ತೋರಿಸುವ ಡೆಕ್ಕನ್ನು ಅವಳು ಮಾಡಬೇಕು. ಮ್ಯಾನೇಜರ್ ಬುಧವಾರವೇ ಕರೆದು ಒಂದು ಮಾತು ಹೇಳಿದ್ದ: ಈ ಡೆಕ್ ಒಂದು ಗೊಂದಲವಿಲ್ಲದೆ ದಾಟಿದರೆ ಪ್ರಾಜೆಕ್ಟನ್ನು ಮುನ್ನಡೆಸುವ ಲೀಡ್ ಅವಳೇ. ಟೀಮಿನ ಮೂರು ಜನ ಗಂಡಸರನ್ನು ಬಿಟ್ಟು ಅವಳು. ಆ ಮಾತನ್ನು ಅವಳು ಮನೆಗೆ ಹೋಗುವ ಬಸ್ಸಿನಲ್ಲಿ ನಾಲ್ಕು ಸಲ ಮೆಲುಕು ಹಾಕಿದಳು.

ಆ ಮೂವರು ಘನಂದಾರಿಗಳು ಕಳಿಸಿದ ನೋಟ್ಸನ್ನು ನೋಡಬೇಕಿತ್ತು ನೀವು. ಕಪಾಟಿನ ಇಂಜಿನಿಯರ್ ಹನ್ನೊಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದ. ಅದರಲ್ಲಿ ನಾಲ್ಕು ನಿಮಿಷ ಅವನು ಏನೋ ಅಗಿಯುತ್ತಿದ್ದ. ಎಲೆಕ್ಟ್ರಿಕಲ್ ಮೇಷ್ಟ್ರು ಬಿಳಿ ಬೋರ್ಡಿನ ಫೋಟೋ ಕಳಿಸಿದ್ದರು, ಫೋಟೋದ ಅರ್ಧಕ್ಕೆ ಅವರದೇ ಹೆಗಲು ಅಡ್ಡ. ಕಂಪ್ಯೂಟರ್ ಹುಡುಗ ಮಹಾ ಬುದ್ಧಿವಂತ. ಹಿಂದಿನ ಪ್ರಾಜೆಕ್ಟಿನ ಫೈಲನ್ನೇ ಎತ್ತಿ ಕಳಿಸಿದ್ದ, ಅದರಲ್ಲಿ ಔಷಧಿ ಇರಬೇಕಾದ ಕಡೆಯೆಲ್ಲ ಟೈಲ್ಸ್ ಅಂತಲೇ ಇತ್ತು. ಮ್ಯಾನೇಜರನದು ಒಂದೇ ಸಾಲು: ಮೊನ್ನೆ ಮಾತಾಡಿದ ಹಾಗೆ. ಮೊನ್ನೆ ಏನು ಮಾತಾಡಿದ್ದು ಅನ್ನುವುದು ಆ ಪುಣ್ಯಾತ್ಮನಿಗೂ ನೆನಪಿರಲಿಲ್ಲ.

ಶನಿವಾರ ಮಧ್ಯಾಹ್ನ ಹೊಲಿಗೆಯಕ್ಕ ಮನೆಯ ಊಟದ ಮೇಜು ಒರೆಸಿ ಚೀಟಿಗಳನ್ನು ಹರಡಿದಳು. ಅವಳ ರೀತಿಯೇ ಹಾಗೆ. ಒಂದು ವಿಷಯಕ್ಕೆ ಒಂದು ಚೀಟಿ, ಮೂಲೆಯಲ್ಲಿ ಹೇಳಿದವರು ಯಾರು, ಯಾವತ್ತು ಅಂತ. ಆಮೇಲೆ ಯಾರು ಹೇಳಿದ್ದು ಅನ್ನುವುದನ್ನು ಮರೆತು, ಗಿರಾಕಿ ಕೇಳುವ ಪ್ರಶ್ನೆಗಳ ಕೆಳಗೆ ಜೋಡಿಸುವುದು: ಯಾಕೆ ಹೋಗುತ್ತಿದ್ದೇವೆ, ಏನೇನು ಹೋಗುತ್ತೆ, ಯಾವ ಕ್ರಮದಲ್ಲಿ, ಯಾರು ಹೊಣೆ, ನಮ್ಮಿಂದ ಏನು ಬೇಕು. ಕೊನೆಗೆ ಪ್ರತಿ ಪುಟದ ತಲೆಗೆ ಒಂದು ಪೂರ್ತಿ ವಾಕ್ಯ. ಒಳಗಿನದು ಓದದೆ ಬರೀ ತಲೆಬರಹಗಳನ್ನು ಓದಿಕೊಂಡು ಹೋದರೆ ಕಥೆ ಗೊತ್ತಾಗಬೇಕು. ಗೊತ್ತಾಗಲಿಲ್ಲ ಅಂದರೆ ಹೊಲಿಗೆ ಬಿಟ್ಟಿದೆ ಅಂತ.

ಕಥೆ ಕೇಳುವುದಕ್ಕೆ ಅವಳಮ್ಮ ಇದ್ದರು, ರಿಟೈರಾದ ಶಾಲಾ ಟೀಚರ್. ಎದುರು ಕೂತು ಬಟಾಣಿ ಸುಲಿಯುತ್ತ ಕೇಳುತ್ತಿದ್ದರು. ಹಳೇ ಗೋದಾಮು ತುಂಬಿಹೋಗಿದೆ. ಹೊಸದರಲ್ಲಿ ಎರಡರಷ್ಟು ಜಾಗ. ಆರು ವಾರದಲ್ಲಿ ಎಲ್ಲ ಸಾಗಿಸುತ್ತೇವೆ. ಎಲ್ಲದಕ್ಕೂ ಹ್ಞೂಂ ಅಂದರು. ತಣ್ಣನೆಯ ಕೋಣೆಗೆ ಬಂದಾಗ ಬಟಾಣಿ ನಿಂತಿತು. ಲಸಿಕೆ, ಇನ್ಸುಲಿನ್ ಇಡುವ ಕೋಣೆ ಅದು.

"ಹಳೇ ಕೋಣೆಯ ಕೂಲಿಂಗ್ ಮಿಷಿನ್ನೇ ಬಿಚ್ಚಿ ಹೊಸದಕ್ಕೆ ಹಾಕೋದು ಅಂದ್ಯಲ್ಲ."

"ಹೌದಮ್ಮ. ಎಲೆಕ್ಟ್ರಿಕಲ್ ಮೇಷ್ಟ್ರ ನೋಟ್ಸು. ಎರಡು ದಿನ ಆಗುತ್ತಂತೆ."

"ಹೊಸ ಕೋಣೆ ತಣ್ಣಗಾದ ಮೇಲೇನೇ ಹಳೇದು ಖಾಲಿ ಮಾಡೋದು ಅಂದ್ಯಲ್ಲ."

"ಅದು ಕಪಾಟಿನವನದು."

"ಹಾಗಾದ್ರೆ ಆ ಎರಡು ದಿನ ಔಷಧಿ ಎಲ್ಲಿರುತ್ತೆ, ನಿನ್ನ ತಲೆ ಮೇಲಾ?"

ಹೊಲಿಗೆಯಕ್ಕ ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟಳು. ಒಂದೊಂದಾಗಿ ನೋಡಿದರೆ ಎರಡೂ ಅಚ್ಚುಕಟ್ಟು. ಜೋಡಿಸಿದರೆ ಮಿಷಿನ್ ಬರದೆ ಔಷಧಿ ಹೊರಡುವುದಿಲ್ಲ, ಔಷಧಿ ಹೊರಡದೆ ಮಿಷಿನ್ ಬಿಚ್ಚುವಂತಿಲ್ಲ. ಮೂರು ವಾರದಿಂದ ಒಂದೇ ಕೋಣೆಯಲ್ಲಿ ಕೂತು ಒಂದೇ ಕೆಟಲ್ಲಿನ ಚಹಾ ಕುಡಿದವರು ಒಬ್ಬರ ನೋಟ್ಸನ್ನು ಇನ್ನೊಬ್ಬರು ಓದಿರಲಿಲ್ಲ.

ತಾನೇ ತಪ್ಪು ಕೇಳಿಸಿಕೊಂಡೆನೇನೋ ಅಂತ ಇಬ್ಬರಿಗೂ ಫೋನ್ ಮಾಡಿದಳು. ಬಿಚ್ಚೋದು, ಕೂರಿಸೋದು ಮಾತ್ರ ನಂದು, ಒಳಗಿರೋ ಮಾಲು ನಂದಲ್ಲ ಅಂತ ಮೇಷ್ಟ್ರು ಕೈ ತೊಳೆದುಕೊಂಡರು. ಕೋಣೆ ತಣ್ಣಗಾಗದೆ ಒಂದು ಡಬ್ಬ ಮುಟ್ಟಲ್ಲ ಅಂತ ಕಪಾಟಿನವನು ಎದೆ ಸೆಟೆಸಿದ. ಅವನು ಸೆಟೆಸಿದ್ದು ಫೋನಿನಲ್ಲೇ ಕಾಣುತ್ತಿತ್ತು. ಕೊನೆಗೆ ಮ್ಯಾನೇಜರಿಗೆ ಮಾಡಿದಳು. ಅವನು ಎಲ್ಲೋ ಶಾಪಿಂಗಿನಲ್ಲಿದ್ದ.

"ಅಲ್ಲಮ್ಮ, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋತಾರಾ? ಎರಡು ಡಬ್ಬಿ ಬರಿ, ಮಧ್ಯೆ ಒಂದು ಬಾಣ ಹಾಕು. ಸ್ವಲ್ಪ ದಪ್ಪ ಬಾಣ. ಗಿರಾಕಿ ಮುಂದೆ ಸಮಸ್ಯೆ ಹೇಳಿದ್ರೆ ಲೀಡ್ ಗೀಡ್ ಎಲ್ಲ ಮರೆತುಬಿಡು."

ಎಲ್ಲ ಕಡೆಯೂ ಇವನದು ಇದೇ ಮದ್ದು. ಇವನ ಹಳೇ ಡೆಕ್ಕುಗಳಲ್ಲಿ ಕೆಲಸಕ್ಕಿಂತ ಬಾಣಗಳೇ ಜಾಸ್ತಿ, ಯುದ್ಧಕ್ಕೆ ಹೊರಟವನ ಬತ್ತಳಿಕೆಯ ಹಾಗೆ.

ಹೊಲಿಗೆಯಕ್ಕ ಬಾಣ ಹಾಕಿ ನೋಡಿದಳು. ಚೆಂದವಾಗೇ ಇತ್ತು. ತಿಪ್ಪೆ ಸಾರಿಸುವುದರಲ್ಲಿ ಅವಳಿಗೂ ಐದು ವರ್ಷದ ಅನುಭವ. ಆದರೆ ಲೀಡ್ ಸಿಕ್ಕಿದ ಮೇಲೆ, ಆ ಎರಡು ದಿನ ಬೆಚ್ಚಗಾಗುತ್ತಿರುವ ಲಸಿಕೆಯ ಮುಂದೆ ನಿಲ್ಲಬೇಕಾದವಳು ತಾನೇ. ಬಾಣವನ್ನು ಅಳಿಸಿದಳು. ಏಳನೇ ಪುಟದ ತಲೆಗೆ ಬರೆದಳು: ಮಿಷಿನ್ ಬದಲಾಗುವ ಎರಡು ದಿನ ತಣ್ಣನೆಯ ಔಷಧಿಗೆ ಜಾಗ ಇನ್ನೂ ಗೊತ್ತಾಗಿಲ್ಲ. ಕೆಳಗೆ ಎರಡೂ ನೋಟ್ಸು, ತೀರ್ಮಾನ ಆಗಬೇಕಾದ ದಿನಾಂಕ, ಹೊಣೆ ಅಂತ ಒಂದು ಖಾಲಿ ಡಬ್ಬಿ. ಕದ್ದುಮುಚ್ಚಿ ಮಾಡಲಿಲ್ಲ. ಡೆಕ್ಕನ್ನು ಮ್ಯಾನೇಜರಿಗೆ ಕಳಿಸಿ, ಏಳನೇ ಪುಟ ಇರಲೋ ಬೇಡವೋ ನೋಡಿ ಹೇಳಿ ಸಾರ್ ಅಂತ ಬರೆದಳು. ಒಂದು ನಿಮಿಷದಲ್ಲಿ ಹೆಬ್ಬೆರಳಿನ ಚಿತ್ರ ಬಂತು. ಇಪ್ಪತ್ತು ಪುಟವನ್ನು ಒಂದು ನಿಮಿಷದಲ್ಲಿ ಓದುವ ಮಹಾನುಭಾವ.

ಸೋಮವಾರ ಮ್ಯಾನೇಜರ್ ಆರು ಪುಟ ಗಂಟಲು ಬಿಚ್ಚಿ ಓದಿದ. ಏಳನೆಯದು ಬಂದದ್ದೇ ಅವಳ ಕಡೆ ತಿರುಗಿದ. ಆ ನೋಟದಲ್ಲಿ ಅವಳ ಲೀಡ್ ಸುಟ್ಟು ಬೂದಿಯಾಯಿತು ಅಂತಲೇ ಅವಳಿಗೆ ಅನಿಸಿತು. ಮುಂದಿನ ಪುಟಕ್ಕೆ ಹಾರಲು ಅವನು ಗುಂಡಿ ಒತ್ತಿದ.

"ಸ್ವಲ್ಪ ಹಿಂದಕ್ಕೆ ಹೋಗಿ" ಅಂದರು ಗಿರಾಕಿಯ ಕಡೆಯ ಒಬ್ಬ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಆ ತಣ್ಣನೆಯ ಕೋಣೆಯ ಉಸ್ತುವಾರಿ ಅವರದು. ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

"ನಮ್ಮವರೂ ಇದನ್ನ ಕೇಳಿರಲಿಲ್ಲ. ಎರಡು ದಿನಕ್ಕೆ ಕೂಲಿಂಗ್ ಲಾರಿ ಬಾಡಿಗೆಗೆ ತರಿಸ್ಬೇಕಾಗುತ್ತೆ, ಅದರ ತಾಪಮಾನ ಮೊದಲೇ ಪರೀಕ್ಷೆ ಮಾಡ್ಬೇಕು. ಹೊಣೆ ಯಾರದು?"

ಮ್ಯಾನೇಜರ್ ಕಪಾಟಿನವನ ಮುಖ ನೋಡಿದ. ಕಪಾಟಿನವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಫ್ಯಾನ್ ನೋಡಿದರು. ಕಂಪ್ಯೂಟರ್ ಹುಡುಗ ಬಹುಶಃ ಇನ್ನೂ ಟೈಲ್ಸ್ ಗುಂಗಿನಲ್ಲೇ ಇದ್ದ.

"ನಂದು" ಅಂದಳು ಹೊಲಿಗೆಯಕ್ಕ. "ಪುಟ ಬರೆದದ್ದೂ ನಾನೇ ಮೇಡಂ."

"ಹಾಗಾದ್ರೆ ನಾಳೆಯಿಂದ ನಾನು ನಿಮ್ಮ ಹತ್ರಾನೇ ಮಾತಾಡ್ತೀನಮ್ಮ. ಬೇರೆಯವರು ಬೇಡ."

ಮ್ಯಾನೇಜರಿಗೆ ತಕ್ಷಣ ಧೈರ್ಯ ಬಂತು. ಈ ವಿಷಯವನ್ನು ಚರ್ಚೆಗೆ ಇಡಲೇಬೇಕು ಅಂತ ತಾನೇ ಹೇಳಿದ್ದು ಅಂದ, ಅದಕ್ಕೇ ಅಲ್ಲವೇ ಇವಳನ್ನು ಲೀಡ್ ಮಾಡಿದ್ದು ಅಂದ. ನಾಚಿಕೆ ಎಳ್ಳಷ್ಟೂ ಇರಲಿಲ್ಲ.

ಅವನ ಬಾಯಿಯಿಂದ ಬಿದ್ದ ಆ ಮಾತು ಸಂಜೆವರೆಗೆ ಉಳಿಯುವುದಿಲ್ಲ ಅಂತ ಹೊಲಿಗೆಯಕ್ಕನಿಗೆ ಚೆನ್ನಾಗಿ ಗೊತ್ತು. ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು. ಎಲ್ಲರೂ ನೋಡುತ್ತಿರುವಾಗಲೇ, ಆ ದೊಡ್ಡ ಪರದೆಯ ಮೇಲೆ, ಮೊದಲು ಖಾಲಿ ಡಬ್ಬಿಯಲ್ಲಿ, ಆಮೇಲೆ ಮೊದಲನೇ ಪುಟದಲ್ಲಿ ಲೀಡ್ ಅನ್ನುವುದರ ಎದುರು ತನ್ನ ಹೆಸರು ಕುಟ್ಟಿದಳು. ಚಹಾ ಬರುವುದರೊಳಗೆ ಡೆಕ್ ಎರಡೂ ಕಡೆಯ ಹದಿನಾಲ್ಕು ಜನಕ್ಕೂ ಹೋಗಿಯಾಗಿತ್ತು.