ಮೊದಲ ಪುಟದ ಮೂರನೇ ಸಾಲು

ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ನಿವೃತ್ತನಾಗಿ ರಾಯದುರ್ಗಕ್ಕೆ ಮರಳಿ ಎಂಟು ತಿಂಗಳಾಗಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹೆಲ್ಪರ್ ಆಗಿ ಸೇರಿ, ಬಟ್ಟೆ ಹಾಸುವುದು ಕಲಿತು, ಕತ್ತರಿಸುವುದು ಕಲಿತು, ಕೊನೆಗೆ ಕಟಿಂಗ್ ವಿಭಾಗಕ್ಕೇ ಇನ್‌ಚಾರ್ಜ್, ಅಂದರೆ ಕಟಿಂಗ್ ಮಾಸ್ಟರ್ ಆದೆ. ಯಾರ ಶಿಫಾರಸೂ ಇರಲಿಲ್ಲ. ಅಂಥವನಿಗೆ ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ ಅನ್ನುವುದೇ ಒಂದು ಕಾಯಿಲೆಯಾಯಿತು. ಹೆಂಡತಿ ಏನೂ ಅನ್ನುತ್ತಿರಲಿಲ್ಲ. ಅವಳು ಕಸ ಗುಡಿಸುವಾಗ ನಾನು ಕಾಲೆತ್ತಬೇಕಾಗುತ್ತಿತ್ತಲ್ಲ, ಅಷ್ಟೇ ಸಾಕಾಗಿತ್ತು.

ದಾರ, ಗುಂಡಿ ಸರಬರಾಜು ಮಾಡುವ ಏಜೆಂಟ್ ಒಬ್ಬ ಹಳೆಯ ಪರಿಚಯ. ಮಡಕಶಿರಾದ ಹೊರಗೆ ಒಂದು ಜೀನ್ಸ್ ಯೂನಿಟ್ ಇದೆ, ಅಲ್ಲಿ ಒಂದೇ ಅಳತೆಗೆ ಹೊಲಿದ ಪ್ಯಾಂಟು ವಾಷಿಂಗ್ ಆಗಿ ಬಂದ ಮೇಲೆ ಒಂದು ಉದ್ದ ಒಂದು ಗಿಡ್ಡ ಆಗುತ್ತಿದೆ, ಮಾಲು ವಾಪಸು ಬರುತ್ತಿದೆ, ವಾರಕ್ಕೆ ಎರಡು ದಿನ ಬಂದು ಹೇಳಿಕೊಡುವ ಅನುಭವಸ್ಥರು ಬೇಕಂತೆ ಎಂದು ಅವನೇ ಹೇಳಿದ್ದು. ಮೊದಲು ಒಂದು ಪ್ರೊಫೈಲ್ ಕಳಿಸಬೇಕಂತೆ. ನಾನು ಜೀವಮಾನದಲ್ಲಿ ಒಂದೇ ಸಲ ಬಯೋಡೇಟಾ ಬರೆಸಿದ್ದೆ, ಅದೂ ಕೆಲಸಕ್ಕೆ ಸೇರಿದ ಹೊಸದರಲ್ಲಿ. ಅದನ್ನೇ ಹುಡುಕಿ ತೆಗೆದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿಗೆ ಹೋದೆ.

ಸೆಂಟರ್ ನಡೆಸುವಾಕೆ ಮದುವೆಗೆ ಮುಂಚೆ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನ ಎಚ್‌ಆರ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದವಳು. ನನ್ನ ಹಾಳೆ ನೋಡಿ ನಕ್ಕಳು.

"ಮಾಸ್ಟ್ರೇ, ತಂದೆ ಹೆಸರು, ಜಾತಿ, ಮದುವಿ ಆಗೇತೋ ಇಲ್ಲೋ, ಇವೆಲ್ಲ ಯಾಕ ಬೇಕ್ರಿ? ನೀವೇನು ಹೆಣ್ಣು ನೋಡಾಕ ಹೊಂಟೀರೇನು?"

ಕೆಲಸ ಹುಡುಕುವ ಹುಡುಗರ ಕಾಗದ ಬೇರೆ, ಸಲಹೆ ಕೊಡುವವರ ಕಾಗದ ಬೇರೆ ಎಂದು ವಿವರಿಸಿದಳು. ಸಲಹೆಗಾರ ಎಲ್ಲೆಲ್ಲಿ ಎಷ್ಟೆಷ್ಟು ವರ್ಷ ದುಡಿದ ಎನ್ನುವ ಉದ್ದ ಪಟ್ಟಿ ಕೊನೆಗೆ ಇರಲಿ, ಮೊದಲ ಪುಟದ ಮೇಲ್ಗಡೆ ನಾಲ್ಕೈದು ಸಾಲಿನಲ್ಲಿ ನಾನು ಯಾರು, ಯಾವ ತೊಂದರೆ ಬಗೆಹರಿಸಬಲ್ಲೆ ಎಂದು ಬರಬೇಕು. ಅದರ ಕೆಳಗೆ ನಾನು ಮಾಡಿಕೊಡುವ ಕೆಲಸಗಳು. ಆಮೇಲೆ ಎರಡು ಮೂರು ಉದಾಹರಣೆ: ತೊಂದರೆ ಏನಿತ್ತು, ನಾನು ಏನು ಮಾಡಿದೆ, ಏನಾಯಿತು. ವಾರಕ್ಕೆ ಎಷ್ಟು ದಿನ ಬರಬಲ್ಲೆ, ಎಷ್ಟು ದೂರ ಬರಬಲ್ಲೆ. ಕೊನೆಗೆ, ಫೋನ್ ಮಾಡಿದರೆ ನನ್ನ ಬಗ್ಗೆ ಹೇಳುವ ಇಬ್ಬರು, ಅವರನ್ನು ಕೇಳಿಯೇ ಹಾಕಬೇಕು. ವಿದ್ಯೆ ಏಳನೇ ಕ್ಲಾಸ್ ಎಂದು ಹಾಕಿಸಿದೆ. ಅವಳು ಬಿಟ್ಟುಬಿಡೋಣ ಅಂದಳು. ಬೇಡ ಅಂದೆ. ಅದನ್ನು ಮುಚ್ಚಿಡುವಂಥದ್ದೇನೂ ಅಲ್ಲ.

ಉದಾಹರಣೆ ಹೇಳಿ ಅಂದಾಗ ತಡವರಿಸಿದೆ. ಕಟಿಂಗ್ ವಿಭಾಗದಲ್ಲಿ ನಾವು "ನಾನು ಮಾಡಿದೆ" ಅನ್ನುವುದಿಲ್ಲ, "ಟೇಬಲ್‌ನಲ್ಲಿ ಆಯಿತು" ಅನ್ನುತ್ತೇವೆ. ಟೇಬಲ್ ಅಂದರೆ ಬಟ್ಟೆ ಹಾಸಿ ಕತ್ತರಿಸುವ ಉದ್ದ ಮೇಜು, ಅದರ ಸುತ್ತ ದುಡಿಯುವವರೆಲ್ಲ. ಟೇಬಲ್‌ನಲ್ಲಿ ಆದ ಒಳ್ಳೆಯದು ಕೆಟ್ಟದು ಎರಡೂ ಮಾಸ್ಟರ್ ಹೆಸರಿಗೆ ಸೇರುತ್ತದೆ. ಎಷ್ಟೋ ಹುಡುಗರು ಮಾಡಿದ ತಪ್ಪಿಗೆ ನಾನು ಮ್ಯಾನೇಜರ್ ಮುಂದೆ ಬೈಸಿಕೊಂಡಿದ್ದೇನೆ, ಅವರ ಹೆಸರು ಹೇಳಿದವನಲ್ಲ. ಅದೇ ರೂಢಿಯಲ್ಲಿ ಬಟ್ಟೆಯ ರೋಲುಗಳನ್ನು ಗುಂಪು ಮಾಡುವ ಕಥೆ ಹೇಳಿದೆ.

ಜೀನ್ಸ್ ಬಟ್ಟೆ ಒಗೆದಾಗ ಕುಗ್ಗುತ್ತದೆ. ಎಲ್ಲ ರೋಲೂ ಒಂದೇ ಥರ ಕುಗ್ಗುವುದಿಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಒಂದು ಕಾಲಕ್ಕೆ ಎಲ್ಲ ರೋಲನ್ನೂ ಒಟ್ಟಿಗೆ ಹಾಸಿ ಒಂದೇ ಪ್ಯಾಟರ್ನಿನಲ್ಲಿ ಕತ್ತರಿಸಿ ಪೆಟ್ಟು ತಿಂದಿದ್ದೆವು. ಆಮೇಲೆ ಪ್ರತಿ ರೋಲಿನಿಂದ ಒಂದು ತುಂಡು ತೆಗೆದು, ಅದರ ಮೇಲೆ ಅಳತೆಯ ಚೌಕ ಗುರುತು ಮಾಡಿ, ವಾಷಿಂಗ್‌ಗೆ ಹೋಗುವ ಬೇರೆ ಮಾಲಿನ ಜೊತೆಗೇ ಹಾಕಿಸಿ, ಉದ್ದಕ್ಕೆಷ್ಟು ಅಗಲಕ್ಕೆಷ್ಟು ಕುಗ್ಗಿದೆ ಎಂದು ಅಳೆದು, ಒಂದೇ ಥರ ಕುಗ್ಗುವ ರೋಲುಗಳನ್ನು ಒಂದು ಗುಂಪು ಮಾಡಿ, ಕುಗ್ಗುವಷ್ಟು ಅಳತೆ ಹೆಚ್ಚಿಗೆ ಬಿಟ್ಟ ಪ್ಯಾಟರ್ನನ್ನು ಗುಂಪಿಗೊಂದರಂತೆ ಇಟ್ಟು ಕತ್ತರಿಸತೊಡಗಿದೆವು. ಗುರುತನ್ನು ಚಾಕ್‌ಪೀಸಿನಲ್ಲಿ ಹಾಕಿದರೆ ತೊಳೆದುಹೋಗುತ್ತದೆ, ಆದ್ದರಿಂದ ದಾರದಲ್ಲಿ ಹೊಲಿದು ಗುರುತು ಮಾಡಿದೆವು. ದೊಡ್ಡ ಕಂಪನಿಗಳಲ್ಲಿ ಇದು ಮೊದಲೇ ಇತ್ತಂತೆ. ನಮಗೆ ಯಾರೂ ಹೇಳಿರಲಿಲ್ಲ. ನಮ್ಮ ಟೇಬಲ್‌ನಲ್ಲಿ ತಾನೇ ಹುಟ್ಟಿಕೊಂಡಿತು.

"ಇದನ್ನ ಯಾರು ಕಂಡುಹಿಡಿದ್ರು?" ಎಂದು ಅವಳು ಕೇಳಿದಳು. "ಮಾಡಿದೆವು ಅಂತ ಬರೆದ್ರ ಬರಂಗಿಲ್ರಿ. ನಿಮ್ಮನ್ನ ಕರಿಯೋರು ನೀವೇನು ಮಾಡೀರಿ ಅಂತ ನೋಡತಾರ."

ನನ್ನ ಟೇಬಲ್ಲೇ ಅಂದೆ. ಹಾಗೆ ಮೊದಲ ಪುಟದ ಮೂರನೇ ಸಾಲು ಬಂತು: ರೋಲುಗಳನ್ನು ಕುಗ್ಗುವಿಕೆಯ ಪ್ರಕಾರ ಗುಂಪು ಮಾಡುವ ಪದ್ಧತಿಯನ್ನು ಫ್ಯಾಕ್ಟರಿಯಲ್ಲಿ ಸ್ವತಃ ರೂಪಿಸಿ ಜಾರಿಗೆ ತಂದವರು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿ ಹೇಳಿದಳು. ಕೇಳಲು ಚೆನ್ನಾಗಿತ್ತು. ಅನುಮತಿ ಕೇಳಲು ಹಳೆಯ ಮ್ಯಾನೇಜರಿಗೆ ಫೋನ್ ಮಾಡಿದಾಗ ಅವರೂ, ಧಾರಾಳವಾಗಿ ನನ್ನ ನಂಬರ್ ಹಾಕು, ಅದು ನಿನ್ನದೇ ಕೆಲಸ ಅಲ್ಲವೇ ಅಂದರು.

ನಾಲ್ಕನೇ ದಿನಕ್ಕೆ ಮಡಕಶಿರಾದಿಂದ ಕರೆ ಬಂತು. ಎರಡು ಬಸ್ಸು ಬದಲಾಯಿಸಿ ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಕಾಲರಿನ ಹತ್ತಿರ ಬೆವರಿಗೆ ಅಂಟಿತ್ತು. ಯೂನಿಟ್ಟಿನ ಮ್ಯಾನೇಜರ್ ನಲವತ್ತರ ಆಸುಪಾಸಿನವನು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡಿದ. ನನ್ನ ಪ್ರೊಫೈಲನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದ, ಮೂರನೇ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದ. ಇದೇ ಸಾಲು ನೋಡಿ ಕರೆಸಿದ್ದು, ಉಳಿದದ್ದೆಲ್ಲ ಇಲ್ಲೇ ಮಾಡುವವರಿದ್ದಾರೆ ಎಂದ. ಒಂದು ತಿಂಗಳು ನೋಡೋಣ, ಆಮೇಲೆ ಆರು ತಿಂಗಳಿಗೆ ಪತ್ರ ಮಾಡಿಕೊಡುತ್ತೇನೆ ಎಂದ. ರೋಲ್ ತೋರಿಸಲು ಕಟಿಂಗ್‌ನಿಂದ ಯಾರನ್ನಾದರೂ ಕಳಿಸಿ ಎಂದು ಫೋನಿನಲ್ಲಿ ಹೇಳಿದ.

ಬಂದವಳನ್ನು ನೋಡಿ ನಾನು ಕುರ್ಚಿಯಿಂದ ಅರ್ಧ ಎದ್ದೆ. ಬೆಂಗಳೂರಿನ ನನ್ನ ಟೇಬಲ್‌ನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವಳು. ಮಡಕಶಿರಾ ಪಕ್ಕದ ಗುಡಿಬಂಡೆ ಕಡೆಯವಳು. ಬಾಡಿಗೆ ತೂಗಿಸಲಾರದೆ ಊರಿಗೆ ಹೊರಟಾಗ ನಾನೇ ಅವಳ ಅನುಭವ ಪತ್ರದ ಫಾರ್ಮ್ ತುಂಬಿಕೊಟ್ಟಿದ್ದೆ. ನೆತ್ತಿ ಬೆಳ್ಳಗಾಗಿತ್ತು.

ಅವಳು ಮುಖವರಳಿಸಿ ನಮಸ್ಕಾರ ಮಾಡಿ, ಬೆಂಗಳೂರಿನಲ್ಲಿ ಇವರ ಕೈಕೆಳಗೇ ಇದ್ದೆ ಎಂದು ಮ್ಯಾನೇಜರಿಗೆ ಹೇಳಿದಳು. ಮ್ಯಾನೇಜರ್ ಗೆರೆ ಎಳೆದ ಸಾಲನ್ನು ಅವಳಿಗೂ ಕನ್ನಡದಲ್ಲಿ ಓದಿ ಹೇಳಿ, "ಏನಮ್ಮಾ, ನಿಮ್ಮ ಮಾಸ್ಟ್ರೇ ಕಂಡುಹಿಡಿದದ್ದಾ ಇದು?" ಅಂದ.

ಅವಳು ನನ್ನ ಕಡೆ ನೋಡಲಿಲ್ಲ. "ಹೌದು ಸಾರ್. ಮಾಸ್ಟ್ರ ಟೇಬಲ್‌ನಾಗೇ ಆಗಿದ್ದು" ಅಂದಳು.

ಅದು ಪೂರ್ತಿ ನಿಜವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬೆಂಗಳೂರಿನಲ್ಲಿ ಆ ದಿನ ಚಾಕ್‌ಪೀಸಿನ ಗುರುತು ಅಳಿಸಿಹೋದ ತುಂಡುಗಳನ್ನು ಕೈಯಲ್ಲಿ ಹಿಡಿದು, ಮಾಸ್ಟ್ರೇ ದಾರದಲ್ಲಿ ಹೊಲೆದ್ರೆ ಹೋಗಾಕಿಲ್ಲ, ಒಂದೊಂದು ರೋಲಿಂದೂ ಒಂದೊಂದು ಹಾಕಿಸಿ ನೋಡಾನ ಎಂದು ನನ್ನ ಹಿಂದೆ ಹಿಂದೆ ಬಂದವಳು ಇವಳೇ. ಎರಡು ಸಲ ಗದರಿ ಕಳಿಸಿದ್ದೆ. ಮೂರನೆಯ ಸಲ ಏನಾದರೂ ಮಾಡಿಕೋ ಅಂದಿದ್ದೆ. ಅಷ್ಟೇ ನನ್ನ ಪಾಲು. ಇದು ನನಗೆ ಮರೆತುಹೋಗಿತ್ತು ಎಂದರೆ ಸುಳ್ಳು. ಮರೆತಿರಲಿಲ್ಲ. ಅದು ಅವಳದು ಎಂದು ಯಾವತ್ತೂ ಎಣಿಸಿರಲಿಲ್ಲ.

ಕಟಿಂಗ್ ಕೋಣೆಗೆ ಹೋದೆವು. ಅವಳು ರ‍್ಯಾಕಿನ ಕೆಳಗಿನಿಂದ ಒಂದು ಗೋಣಿಚೀಲ ಎಳೆದಳು. ಒಳಗೆ ಡೆನಿಮ್ ತುಂಡುಗಳು, ಪ್ರತಿಯೊಂದರ ಮೇಲೂ ಕೆಂಪು ದಾರದ ಚೌಕ, ಮೂಲೆಯಲ್ಲಿ ರೋಲ್ ನಂಬರಿನ ಚೀಟಿ. ಎಲ್ಲ ವಾಷಿಂಗ್ ಆದವು. ವಾಷಿಂಗ್‌ಗೆ ಲೋಡ್ ಹೊರಡುವಾಗ ಡ್ರೈವರನನ್ನು ಬೇಡಿಕೊಂಡು ಅದರ ಜೊತೆ ಕಳಿಸುತ್ತಿದ್ದಳಂತೆ.

ಇಷ್ಟು ಮಾಡಿಟ್ಟುಕೊಂಡು ಯಾಕೆ ಸುಮ್ಮನಿದ್ದೀಯ ಎಂದು ಕೇಳಿದೆ. ಗದರಿದ ಹಾಗೇ ಕೇಳಿಸಿತೇನೋ.

"ಸುಮ್ಕಿರ‍್ಲಿಲ್ಲ ಮಾಸ್ಟ್ರೇ. ಸೂಪರ್‌ವೈಜರ್‌ಗೆ ಹೇಳ್ದೆ. ಅವ್ರು ಆಫೀಸಿಂದ ನನ್ ಕಾಗ್ದ ತರಿಸಿ ನೋಡಿದ್ರು. ಕಟಿಂಗ್ ಹೆಲ್ಪರ್ ಅಂತ ಇತ್ತು. ಹೆಲ್ಪರ್ ಅಂದ್ಮೇಲೆ ಹೆಲ್ಪರ್ ಕೆಲ್ಸ ಮಾಡು ಅಂದ್ರು." ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಲೇ ಹೇಳಿದಳು. "ಅದ್ರಾಗೆ ಬರೆದಿದ್ದು ನೀವೇ ಅಲ್ವಾ."

ಹೌದು. ಅನುಭವ ಪತ್ರಕ್ಕೆ ಸಹಿ ಎಚ್‌ಆರ್‌ನವರದು, ಆದರೆ ಏನು ಕೆಲಸ ಮಾಡಿದರು ಎಂಬ ಜಾಗವನ್ನು ವಿಭಾಗದವರು ತುಂಬಬೇಕು. ಅವಳು ಕಡೆಯ ನಾಲ್ಕು ವರ್ಷ ಮಾರ್ಕರ್ ಹಾಕುತ್ತಿದ್ದಳು, ಅಂದರೆ ಬಟ್ಟೆಯ ಮೇಲೆ ಪ್ಯಾಟರ್ನ್ ಜೋಡಿಸುವ ಕೆಲಸ; ರೋಲ್ ಗುಂಪನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಹಾಜರಿಯಲ್ಲಿ ಹೆಲ್ಪರ್ ಎಂದೇ ಇತ್ತು. ಅವಳು ಕೆಲಸ ಬಿಟ್ಟ ದಿನ ನಾನು ನಿಂತುಕೊಂಡೇ ಫಾರ್ಮ್ ತುಂಬಿದ್ದೆ: ಕಟಿಂಗ್ ಹೆಲ್ಪರ್, ನಡತೆ ಒಳ್ಳೆಯದು. ಅವಳ ಒಂಬತ್ತು ವರ್ಷಕ್ಕೆ ನಾನು ಕೊಟ್ಟದ್ದು ಅರ್ಧ ಸಾಲು.

ಊಟದ ಹೊತ್ತಿಗೆ ಮುಂಚೆ ಮ್ಯಾನೇಜರನ ಬಳಿ ಹೋಗಿ ಗೆರೆ ಎಳೆದ ಸಾಲು ನನ್ನದಲ್ಲ, ಅವಳದು ಎಂದೆ. ಅವಳ ಗೋಣಿಚೀಲ ನೋಡಿ, ಅವಳಿಗೆ ಆ ಕೆಲಸ ವಹಿಸಿ, ನಿಮಗೆ ನಾನು ಬೇಕಾಗಿಲ್ಲ ಎಂದೆ. ಹೀಗೆ ಹೇಳಿದರೆ ಏನಾದರೂ ಸರಿಹೋಗುತ್ತದೆ ಎಂದು ನಂಬಿದ್ದೆ. ಅವನು ನನ್ನ ಪ್ರೊಫೈಲನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸಿ ನನ್ನ ಕಡೆಗೆ ಸರಿಸಿದ.

"ಬಸ್ ಚಾರ್ಜ್ ಕೊಡಿಸ್ತೀನಿ, ಪೆದ್ದಾಯನ, ಹಿರಿಯರು ನೀವು. ಕಾಗದದಲ್ಲಿ ಒಂದು, ಬಾಯಲ್ಲಿ ಒಂದು ಅಂದ್ರೆ ನಾನು ಓನರ್‌ಗೆ ಏನಂತ ಹೇಳ್ಲಿ?"

ಅವಳ ವಿಷಯ ಕೇಳಿದೆ. ತುಂಡುಗಳನ್ನು ನೋಡಿ ಸೂಪರ್‌ವೈಜರ್‌ಗೆ ಹೇಳುತ್ತೇನೆ, ಹುದ್ದೆ ಬದಲಾಯಿಸಲು ಮಾತ್ರ ಕಾಗದ ಬೇಕು ಎಂದ. ಬಸ್ ಚಾರ್ಜು ನಾನು ತೆಗೆದುಕೊಳ್ಳಲಿಲ್ಲ.

ರಾಯದುರ್ಗಕ್ಕೆ ಬಂದವನು ಮಾರನೇ ದಿನ ನೆಟ್ ಸೆಂಟರಿಗೆ ಹೋಗಿ, ಅವಳು ಮಾಡಿದ ಕೆಲಸವನ್ನೆಲ್ಲ ವರ್ಷದ ಸಮೇತ ಬರೆಸಿ ಸಹಿ ಹಾಕಿದೆ. ನೆಟ್ ಸೆಂಟರಿನಾಕೆ ಮುಖ ನೋಡದೆ ಹೇಳಿದಳು: "ಕೊಡೂದು ಕೊಡ್ರಿ ಮಾಸ್ಟ್ರೇ. ಆದ್ರ ಕಂಪನಿ ಲೆಟರ್‌ಹೆಡ್ ಇಲ್ದ ಕಾಗದಾನ ಎಚ್‌ಆರ್‌ನ್ಯಾಗ ನಾವು ಫೈಲಿಗೆ ಹಾಕ್ತಿದ್ವಿ, ಅಷ್ಟ." ನಾನು ಹಳೆಯ ಫ್ಯಾಕ್ಟರಿಗೂ ಫೋನ್ ಮಾಡಿ ನೋಡಿದೆ. ಬಿಟ್ಟುಹೋದವರಿಗೆ ಒಮ್ಮೆ ಕೊಟ್ಟ ಪತ್ರವನ್ನು ತಿದ್ದುವ ಪದ್ಧತಿ ಇಲ್ಲ ಎಂದರು. ಆದರೂ ನನ್ನ ಕಾಗದವನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಅವಳಿಗೆ ಕಳಿಸಿದೆ.

ನನ್ನ ಪ್ರೊಫೈಲಿನಿಂದ ಮೂರನೇ ಸಾಲನ್ನು ತೆಗೆಸಿದೆ. ಅದು ಹೋದ ಮೇಲೆ ಮೊದಲ ಪುಟದಲ್ಲಿ ಉಳಿದದ್ದು ಎಲ್ಲ ಕಟಿಂಗ್ ಮಾಸ್ಟರುಗಳೂ ಬರೆಸಬಹುದಾದ ಮಾತುಗಳು. ಮತ್ತೂ ಐದಾರು ಕಡೆ ಕಳಿಸಿದೆ. ಯಾರೂ ಕರೆಯಲಿಲ್ಲ.

ಹದಿನೈದು ದಿನ ಬಿಟ್ಟು ಅವಳು ಫೋನ್ ಮಾಡಿದಳು. ಕಾಗದ ತಲುಪಿದೆ, ಆಫೀಸಿಗೆ ಕೊಟ್ಟಿದ್ದೇನೆ ಎಂದಳು. ರೋಲುಗಳನ್ನು ಈಗ ಗುಂಪು ಮಾಡುತ್ತಿದ್ದಾರಂತೆ, ಪ್ಯಾಂಟು ಸರಿಯಾಗಿ ಬರುತ್ತಿವೆಯಂತೆ. ಅದನ್ನು ನೋಡಿಕೊಳ್ಳಲು ಸೂಪರ್‌ವೈಜರನ ತಮ್ಮನನ್ನು ಹಾಕಿದ್ದಾರಂತೆ. ತುಂಡುಗಳ ಮೇಲೆ ದಾರದ ಚೌಕ ಹೊಲಿಯುವುದು ಮಾತ್ರ ಅವಳೇ.

ಆ ಕಡೆ ಮಶೀನುಗಳ ಸದ್ದು ಕೇಳುತ್ತಿತ್ತು.

"ಬೆಲ್ ಆಯ್ತು ಮಾಸ್ಟ್ರೇ, ಇಡ್ತೀನಿ" ಎಂದು ಅವಳು ಕೆಲಸಕ್ಕೆ ಹೋದಳು.