ಮುಚ್ಚಿಹೋದ ಆಸ್ಪತ್ರೆಯ ಅನುಭವ ಪತ್ರ

ಅವಳು ನರ್ಸ್ ಆಗಿ ಎಂಟು ವರ್ಷ ದುಡಿದ ಆಸ್ಪತ್ರೆ ದಿಢೀರನೆ ಬಾಗಿಲು ಹಾಕಿತ್ತು. ಅನುಭವ ಪತ್ರವಾಗಲಿ, ಬಿಡುಗಡೆ ಪತ್ರವಾಗಲಿ ಕೊಡುವವರೇ ಇರಲಿಲ್ಲ. ಹಾಗಾಗಿ ತೀವ್ರ ನಿಗಾ ಘಟಕದ ತಜ್ಞ ನರ್ಸ್ ಎಂಬ ನೋಂದಣಿಗೆ ಅವಳು ಹಾಕಿದ್ದ ಅರ್ಜಿ ಹಿಂದಕ್ಕೆ ಬಂತು. ಹಳೆಯ ಮೇಲ್ವಿಚಾರಕರ ಪ್ರಮಾಣಪತ್ರ, ಸಂಬಳದ ದಾಖಲೆ ಕೊಟ್ಟರೆ ಪರಿಶೀಲಿಸುತ್ತೇವೆ ಎಂದಿತು ನರ್ಸಿಂಗ್ ಮಂಡಳಿ.

ಅವಳು ಆ ಆಸ್ಪತ್ರೆಯಿಂದ ನಿವೃತ್ತರಾಗಿದ್ದ, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಹೆಡ್ ನರ್ಸ್ ಮನೆಗೆ ಹೋದಳು. ಅಕ್ಕ ಅವಳ ಕೆಲಸವನ್ನೆಲ್ಲ ವಿವರವಾಗಿ ಬರೆದು ನೋಟರಿಯ ಮುಂದೆ ಸಹಿ ಹಾಕಿದರು. ಸಂಬಳ ಜಮೆಯಾದ ಬ್ಯಾಂಕಿನ ದಾಖಲೆಯೂ ಜೊತೆಗೆ ಹೋಯಿತು.

ಮಂಡಳಿಯವರು ಖಾತ್ರಿಗೆಂದು ಅಕ್ಕನಿಗೆ ಫೋನ್ ಮಾಡಿದಾಗ ಅವಳು ಪಕ್ಕದಲ್ಲೇ ಕೂತಿದ್ದಳು.

“ಇವರ ಕೆಲಸ ಹೇಗಿತ್ತು ಮೇಡಂ?”

“ನನಗೇ ಹಾರ್ಟ್ ಆಪರೇಷನ್ ಆದಾಗ, ಇವಳ ಕೈಗೇ ನನ್ನ ಒಪ್ಪಿಸಿ ಅಂತ ಡಾಕ್ಟರಿಗೆ ಹೇಳಿದ್ದೆ. ಇನ್ನೇನ್ ಹೇಳ್ಲಿ?”

ನೋಂದಣಿ ಮುಂದಿನ ತಿಂಗಳು ಸಿಕ್ಕಿತು. ಅವಳ ಎದೆಯುಬ್ಬಿದ್ದು ಮಾತ್ರ ಆ ಫೋನಿನ ದಿನವೇ.